ಚಿತ್ರಕಥೆಯಲ್ಲಿ ಕನಸು, ಫ್ಲ್ಯಾಶ್‌ಬ್ಯಾಕ್: ಓದುವವರು ದಾರಿ ತಪ್ಪದಂತೆ

ಕಥೆ ನಡೆಯುತ್ತಿರುವ ಕಾಲವನ್ನು ಅಲ್ಲಿಗೇ ನಿಲ್ಲಿಸಿ, ಹಿಂದೆ ನಡೆದುಹೋದ ಘಟನೆಯೊಂದನ್ನು ಕಣ್ಣೆದುರು ತಂದು ತೋರಿಸುವ ದೃಶ್ಯಕ್ಕೆ ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಒಂದು ಪಾತ್ರದ ನಿದ್ದೆಯಲ್ಲೋ ಭ್ರಮೆಯಲ್ಲೋ ಮಾತ್ರ ನಡೆಯುವ, ಉಳಿದ ಪಾತ್ರಗಳ ಪಾಲಿಗೆ ನಡೆದೇ ಇರದ ದೃಶ್ಯ ಕನಸಿನ ದೃಶ್ಯ. ತೆರೆಯ ಮೇಲೆ ಇವೆರಡನ್ನೂ ಗುರುತಿಸುವುದು ಕಷ್ಟವಲ್ಲ. ಚಿತ್ರದ ಬಣ್ಣ ಬದಲಾಗುತ್ತದೆ, ಸಂಗೀತ ಬೇರೆಯಾಗುತ್ತದೆ, ನಾಯಕಿಯ ನರೆಗೂದಲು ಕಪ್ಪಾಗಿ ಎರಡು ಜಡೆಯಾಗುತ್ತದೆ. ನೋಡುವವರಿಗೆ ಕಾಲ ಬದಲಾದದ್ದು ಅರೆಕ್ಷಣದಲ್ಲಿ ತಿಳಿಯುತ್ತದೆ.

ಚಿತ್ರಕಥೆಯನ್ನು ಓದುವವರಿಗೆ ಈ ಸೌಕರ್ಯ ಯಾವುದೂ ಇಲ್ಲ. ಅವರ ಮುಂದಿರುವುದು ಅಕ್ಷರ ಮಾತ್ರ. ಅವರು ಓದುವ ಕಾರಣಗಳೂ ಬೇರೆಬೇರೆ. ನಿರ್ಮಾಪಕರು ಕಥೆ ಹಿಡಿಸುತ್ತದೆಯೇ ಎಂದು ಓದುತ್ತಾರೆ, ನಟಿ ತನ್ನ ಪಾತ್ರ ಯಾವಾಗ ಏನು ತಿಳಿದಿರುತ್ತದೆ ಎಂದು ಓದುತ್ತಾಳೆ. ಸಹಾಯಕ ನಿರ್ದೇಶಕರು ಒಂದೊಂದು ದೃಶ್ಯಕ್ಕೂ ಎಲ್ಲಿ ಶೂಟಿಂಗ್, ಯಾರು ಬೇಕು, ಯಾವ ಬಟ್ಟೆ, ಯಾವ ಸಾಮಾನು ಎಂದು ಪಟ್ಟಿ ಮಾಡಲು ಓದುತ್ತಾರೆ. ಈ ಮೂವರಲ್ಲಿ ಯಾರೇ ಆಗಲಿ ‘ಇದು ಯಾವ ಕಾಲ?’ ಎಂದು ಪುಟ ಹಿಂದೆ ತಿರುಗಿಸಬೇಕಾಗಿ ಬಂದರೆ ಬರವಣಿಗೆ ಸೋತಿದೆ ಎಂದೇ ಅರ್ಥ.

ಗುರುತು ಹಾಕಬೇಕಾದ ಮೊದಲ ಜಾಗ ದೃಶ್ಯದ ತಲೆಬರಹ, ಚಿತ್ರರಂಗದವರ ಮಾತಿನಲ್ಲಿ ಸೀನ್ ಹೆಡಿಂಗ್. ಪ್ರತಿ ದೃಶ್ಯವೂ ಈ ಒಂದು ಸಾಲಿನಿಂದ ಶುರುವಾಗುತ್ತದೆ. ಒಳಾಂಗಣವೋ ಹೊರಾಂಗಣವೋ, ಜಾಗ ಯಾವುದು, ಹಗಲೋ ರಾತ್ರಿಯೋ ಎಂಬ ಮೂರು ಸಂಗತಿಗಳು ಅದರಲ್ಲಿರುತ್ತವೆ. ದೃಶ್ಯವು ಹಿಂದಿನದ್ದಾದರೆ ಅಥವಾ ಕನಸಾದರೆ ನಾಲ್ಕನೆಯದಾಗಿ ಆ ಮಾತು ಸೇರಬೇಕು. ಅಮೆರಿಕದ ಪದ್ಧತಿಯಲ್ಲಿ ತಲೆಬರಹವನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಟೈಪ್ ಮಾಡುತ್ತಾರೆ, ಹಾಗಾಗಿ ಪುಟದ ಮೇಲೆ ಕಣ್ಣಾಡಿಸಿದರೆ ಸಾಕು, ಅದು ಎದ್ದು ಕಾಣುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ತಲೆಬರಹವನ್ನು ದಪ್ಪಕ್ಷರದಲ್ಲೋ ಅಡಿಗೆರೆ ಎಳೆದೋ ಕೊಟ್ಟು, ಮೇಲೆ ಒಂದು ಸಾಲು ಖಾಲಿ ಬಿಡಬೇಕು. ಇದು ಬರಿಯ ಅಂದಚೆಂದದ ವಿಷಯವಲ್ಲ. ವಿವರಣೆಯ ಸಾಲುಗಳ ನಡುವೆ ತಲೆಬರಹ ಬೆರೆತುಹೋದರೆ ಅದರ ಕೊನೆಯಲ್ಲಿರುವ ‘ಫ್ಲ್ಯಾಶ್‌ಬ್ಯಾಕ್’ ಎಂಬ ಮಾತೂ ಕಣ್ಣುತಪ್ಪಿ ಹೋಗುತ್ತದೆ.

ಒಂದು ಸಣ್ಣ ಉದಾಹರಣೆ ಕಟ್ಟಿ ನೋಡಬಹುದು. ಸಾಗರದ ಹತ್ತಿರದ ಒಂದು ಹಳೆಯ ಮನೆ. ನಿವೃತ್ತ ಶಿಕ್ಷಕಿ ಸಾವಿತ್ರಿ ತವರಿಗೆ ಬಂದಿದ್ದಾಳೆ. ಮನೆ ಮಾರುವ ಮಾತು ನಡೆದಿದೆ, ಅಣ್ಣನ ಮಗ ಕಿರಣ ಅವಳ ಸಹಿಗಾಗಿ ಕಾಯುತ್ತಿದ್ದಾನೆ. ಜಗಲಿಯ ಮೂಲೆಯಲ್ಲಿ ಅಡಕೆ ಸುಲಿಯುವ ಮೆಟ್ಟುಗತ್ತಿ ಬಿದ್ದಿದೆ. ಹೊಸಬರು ಈ ಭಾಗವನ್ನು ಸಾಮಾನ್ಯವಾಗಿ ಬರೆಯುವುದು ಹೀಗೆ:

ಒಳಾಂಗಣ. ಮನೆಯ ಜಗಲಿ – ಹಗಲು

ಸಾವಿತ್ರಿ ಮೂಲೆಯಲ್ಲಿದ್ದ ಮೆಟ್ಟುಗತ್ತಿಯನ್ನು ನೋಡುತ್ತಾಳೆ. ಅವಳಿಗೆ ಹಳೆಯದೆಲ್ಲ ನೆನಪಾಗುತ್ತದೆ.

ಒಳಾಂಗಣ. ಮನೆಯ ಜಗಲಿ – ರಾತ್ರಿ

ಸಾವಿತ್ರಿ ಅಡಕೆ ಸುಲಿಯುತ್ತಿದ್ದಾಳೆ. ಅಪ್ಪ ಬರುತ್ತಾರೆ. ಕಾಲೇಜಿಗೆ ಹೋಗುವುದು ಬೇಡ ಎನ್ನುತ್ತಾರೆ. ಅವಳು ಅಳುತ್ತಾಳೆ.

ಒಳಾಂಗಣ. ಮನೆಯ ಜಗಲಿ – ಹಗಲು

ಸಾವಿತ್ರಿ ಕಾಗದವನ್ನು ಕೈಗೆತ್ತಿಕೊಂಡು ಸಹಿ ಹಾಕುತ್ತಾಳೆ.

ಬರೆದವರಿಗೆ ಇದರಲ್ಲಿ ಯಾವ ಗೊಂದಲವೂ ಕಾಣುವುದಿಲ್ಲ, ಏಕೆಂದರೆ ಅವರ ಮನಸ್ಸಿನಲ್ಲಿ ಚಿತ್ರ ಆಗಲೇ ಓಡುತ್ತಿದೆ. ಓದುವವರ ಕಡೆಯಿಂದ ನೋಡಿದರೆ ತೊಡಕು ಎರಡನೆಯ ತಲೆಬರಹದಲ್ಲೇ ಶುರುವಾಗುತ್ತದೆ. ಅದೇ ಜಗಲಿ, ಹಗಲು ಹೋಗಿ ರಾತ್ರಿಯಾಗಿದೆ. ಅದೇ ದಿನದ ರಾತ್ರಿ ಎಂದು ತಿಳಿದುಕೊಳ್ಳುವುದೇ ಸಹಜ. ಅಪ್ಪನ ಮಾತು ಬಂದ ಮೇಲೆ ಓಹೋ, ಇದು ಹಿಂದಿನದು ಎಂದು ಹೊಳೆಯುತ್ತದೆ. ಆದರೆ ಅಷ್ಟರಲ್ಲಿ ಓದುವವರು ಐವತ್ತು ದಾಟಿದ ಹೆಂಗಸೊಬ್ಬಳು ಅಡಕೆ ಸುಲಿಯುವುದನ್ನು ಕಲ್ಪಿಸಿಕೊಂಡು ಆಗಿದೆ. ಅದನ್ನು ಅಳಿಸಿ ಹದಿನೇಳರ ಹುಡುಗಿಯನ್ನು ಕೂರಿಸಬೇಕು. ಮೂರನೆಯ ತಲೆಬರಹದಲ್ಲಿ ಆಗುವ ನಷ್ಟ ಇನ್ನೂ ದೊಡ್ಡದು. ಆ ಹಗಲು ಯಾವುದು? ಮರುದಿನ ಬೆಳಗಾಗಿ ಹುಡುಗಿ ಅಪ್ಪನ ಮಾತು ಮೀರಿ ಕಾಲೇಜಿನ ಅರ್ಜಿಗೆ ಸಹಿ ಹಾಕಿದಳೇ, ಅಥವಾ ವಯಸ್ಸಾದ ಸಾವಿತ್ರಿ ಮನೆ ಮಾರಾಟದ ಕಾಗದಕ್ಕೆ ಸಹಿ ಹಾಕಿದಳೇ? ಎರಡೂ ಸಾಧ್ಯ. ಕಥೆಯ ತಿರುವು ಎಂದು ಬರೆದವರು ನಂಬಿದ ಸಾಲೇ ಎರಡು ಅರ್ಥ ಕೊಡುತ್ತಿದೆ.

ಫ್ಲ್ಯಾಶ್‌ಬ್ಯಾಕಿನ ಒಳಗೆ ಹೋಗುವ ಕಡೆ ಗುರುತು ಹಾಕಬೇಕೆಂದು ಹೆಚ್ಚಿನವರಿಗೆ ಗೊತ್ತಿದೆ. ಹೊರಗೆ ಬರುವ ಕಡೆ ಗುರುತು ಹಾಕುವುದನ್ನು ಮರೆಯುವವರೇ ಬಹಳ. ಓದುವವರು ದಾರಿ ತಪ್ಪುವುದೂ ಬಹುತೇಕ ಅಲ್ಲಿಯೇ. ಅದೇ ಭಾಗವನ್ನು ಸರಿಪಡಿಸಿ ಬರೆದರೆ ಹೀಗಾಗುತ್ತದೆ:

ಒಳಾಂಗಣ. ಮನೆಯ ಜಗಲಿ – ಹಗಲು

ಕಿರಣ ಪೆನ್ನು ಚಾಚುತ್ತಾನೆ.

ಕಿರಣ: ಅತ್ತೆ, ಇಲ್ಲೊಂದು ಸೈನ್ ಹಾಕಿಬಿಡಿ.

ಸಾವಿತ್ರಿಯ ಕಣ್ಣು ಮೂಲೆಯ ಮೆಟ್ಟುಗತ್ತಿಯ ಮೇಲೆ ನಿಂತಿದೆ. ತುಕ್ಕು ಹಿಡಿದ ಅಲಗು. ಅವಳು ಬಗ್ಗಿ ಅದನ್ನು ಮುಟ್ಟುತ್ತಾಳೆ.

ಒಳಾಂಗಣ. ಮನೆಯ ಜಗಲಿ – ರಾತ್ರಿ – ಫ್ಲ್ಯಾಶ್‌ಬ್ಯಾಕ್ (1984)

ಅದೇ ಮೆಟ್ಟುಗತ್ತಿ, ಹೊಳೆಯುವ ಅಲಗು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹುಡುಗಿ ಸಾವಿತ್ರಿ (17) ಅಡಕೆ ಸುಲಿಯುತ್ತಿದ್ದಾಳೆ. ಎರಡು ಜಡೆ, ಲಂಗ ದಾವಣಿ. ಪಕ್ಕದಲ್ಲಿ ಅಪ್ಪಯ್ಯ (45).

ಹುಡುಗಿ ಸಾವಿತ್ರಿ: ಅಪ್ಪಯ್ಯ, ಶಿವಮೊಗ್ಗಕ್ಕೆ ಅರ್ಜಿ ಹಾಕ್ಲಾ?

ಅಪ್ಪಯ್ಯ: ಇಷ್ಟು ಅಡಕೆ ಸುಲಿಯೋರು ಯಾರು?

ಅವಳ ಕೈ ನಿಲ್ಲುತ್ತದೆ. ಮತ್ತೆ ಸುಲಿಯತೊಡಗುತ್ತದೆ.

ಒಳಾಂಗಣ. ಮನೆಯ ಜಗಲಿ – ಹಗಲು – ಮತ್ತೆ ವರ್ತಮಾನ

ಸಾವಿತ್ರಿ ತುಕ್ಕಿನ ಅಲಗಿನಿಂದ ಕೈ ತೆಗೆಯುತ್ತಾಳೆ. ಕಿರಣ ಇನ್ನೂ ಪೆನ್ನು ಚಾಚಿಯೇ ನಿಂತಿದ್ದಾನೆ. ಅವಳು ಪೆನ್ನು ತೆಗೆದುಕೊಂಡು ಮಾರಾಟದ ಕಾಗದಕ್ಕೆ ಸಹಿ ಹಾಕುತ್ತಾಳೆ.

ಇಲ್ಲಿ ಬದಲಾದದ್ದು ತಲೆಬರಹಕ್ಕೆ ಅಂಟಿಸಿದ ಎರಡು ಮಾತುಗಳಷ್ಟೇ ಅಲ್ಲ. ‘ಅವಳಿಗೆ ಹಳೆಯದೆಲ್ಲ ನೆನಪಾಗುತ್ತದೆ’ ಎಂಬ ವಾಕ್ಯ ಹೋಗಿದೆ. ನೆನಪಾಗುವುದನ್ನು ಕ್ಯಾಮೆರಾ ಹಿಡಿಯಲಾರದು. ಕತ್ತಿಯನ್ನು ನೋಡುವುದನ್ನು, ಮುಟ್ಟುವುದನ್ನು ಹಿಡಿಯಬಲ್ಲದು. ತುಕ್ಕು ಹಿಡಿದ ಅಲಗು ಹೊಳೆಯುವ ಅಲಗಾಗುವಲ್ಲಿ ಎರಡು ಕಾಲಗಳ ಕೊಂಡಿ ಇದೆ, ಇದರಿಂದ ಸಂಕಲನಕಾರರಿಗೆ ಕತ್ತರಿಸುವ ಜಾಗವೂ ಸಿಗುತ್ತದೆ. ವಾಪಸು ಬಂದಾಗ ಕಿರಣ ಅದೇ ಭಂಗಿಯಲ್ಲಿ ನಿಂತಿದ್ದಾನೆ. ಅಂದರೆ ವರ್ತಮಾನದಲ್ಲಿ ಒಂದೆರಡು ಕ್ಷಣ ಮಾತ್ರ ಕಳೆದಿದೆ ಎಂದು ಓದುವವರಿಗೆ ಹೇಳದೆಯೇ ಹೇಳಿದಂತಾಯಿತು. ಅವನು ಕುರ್ಚಿಯಲ್ಲಿ ಕೂತು ಚಹಾ ಮುಗಿಸಿದ್ದಾನೆ ಎಂದು ಬರೆದಿದ್ದರೆ ಸಾವಿತ್ರಿ ಬಹಳ ಹೊತ್ತು ಮೈಮರೆತು ಕೂತಿದ್ದಳು ಎಂದಾಗುತ್ತಿತ್ತು. ಈ ಸೂಕ್ಷ್ಮ ನಟಿಗೂ ಬೇಕು, ಎಡಿಟಿಂಗ್ ಟೇಬಲ್ಲಿಗೂ ಬೇಕು.

ಹೆಸರಿನ ಮಾತು ಸಣ್ಣದಾಗಿ ಕಂಡರೂ ತೊಂದರೆ ಕೊಡುವುದು ಅದೇ. ಎರಡು ಕಾಲಗಳಲ್ಲೂ ‘ಸಾವಿತ್ರಿ’ ಎಂದೇ ಬರೆದರೆ ಯಾವ ಮಾತು ಯಾವ ನಟಿಯದು ಎಂದು ವಿಂಗಡಿಸುವುದು ಕಷ್ಟ. ಬೇರೆ ನಟಿ ಆ ವಯಸ್ಸನ್ನು ಅಭಿನಯಿಸುವುದಾದರೆ ಹೆಸರಿನ ಮುಂದೆ ‘ಹುಡುಗಿ’ ಎಂದು ಸೇರಿಸಿ, ವಯಸ್ಸು ಕೊಟ್ಟು, ಚಿತ್ರಕಥೆಯ ಕೊನೆಯವರೆಗೂ ಅದೇ ಹೆಸರು ಉಳಿಸಿಕೊಳ್ಳಬೇಕು. ಒಂದು ಕಡೆ ‘ಹುಡುಗಿ ಸಾವಿತ್ರಿ’, ಇನ್ನೊಂದು ಕಡೆ ‘ಚಿಕ್ಕ ಸಾವಿತ್ರಿ’, ಮತ್ತೊಂದು ಕಡೆ ಬರೀ ‘ಸಾವಿ’ ಎಂದಾದರೆ ಪಾತ್ರಗಳ ಪಟ್ಟಿಯಲ್ಲಿ ಮೂವರು ಹುಟ್ಟಿಕೊಳ್ಳುತ್ತಾರೆ. ಒಬ್ಬಳೇ ನಟಿ ಎರಡೂ ವಯಸ್ಸನ್ನು ನಿಭಾಯಿಸುವುದಾದರೆ ಹೆಸರು ಒಂದೇ ಇರಬಹುದು, ವಯಸ್ಸು ಮತ್ತು ಉಡುಗೆಯ ಒಂದು ಸಾಲು ಮಾತ್ರ ತಪ್ಪಬಾರದು.

ಇಸವಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ತಲೆಬರಹದಲ್ಲಿ ಬರೆದ 1984 ಓದುವವರಿಗೆ ಮಾತ್ರ ಕಾಣುತ್ತದೆ, ಥಿಯೇಟರಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಅವರಿಗೂ ಇಸವಿ ತಿಳಿಯಲೇಬೇಕಾದರೆ ‘ತೆರೆಯ ಮೇಲೆ ಅಕ್ಷರ: 1984’ ಎಂದು ವಿವರಣೆಯಲ್ಲಿ ಬೇರೆ ಸಾಲಾಗಿ ಬರೆಯಬೇಕು. ಇವೆರಡನ್ನು ಒಂದೇ ಎಂದುಕೊಂಡು ಓದುಗರಿಗೆ ಮಾತ್ರ ತಿಳಿಸಿ ಪ್ರೇಕ್ಷಕರನ್ನು ಕತ್ತಲಲ್ಲಿಡುವ ಚಿತ್ರಕಥೆಗಳು ಓದುವಾಗ ಚೆನ್ನಾಗಿ ಕಂಡು, ಚಿತ್ರವಾದಾಗ ಗೋಜಲಾಗುತ್ತವೆ.

ಫ್ಲ್ಯಾಶ್‌ಬ್ಯಾಕ್ ಒಂದೇ ದೃಶ್ಯದಲ್ಲಿ ಮುಗಿಯದೆ, ಜಗಲಿಯಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಕಾಲೇಜಿಗೆ ಸಾಗುವುದಾದರೆ ತಲೆಬರಹದ ಗುರುತು ಒಂದೇ ಸಾಲದು. ಮೊದಲ ದೃಶ್ಯಕ್ಕೂ ಮುಂಚೆ ‘ಫ್ಲ್ಯಾಶ್‌ಬ್ಯಾಕ್ ಆರಂಭ’ ಎಂದು ಬೇರೆ ಸಾಲು, ಕೊನೆಯ ದೃಶ್ಯದ ನಂತರ ‘ಫ್ಲ್ಯಾಶ್‌ಬ್ಯಾಕ್ ಮುಕ್ತಾಯ’ ಎಂದು ಇನ್ನೊಂದು ಸಾಲು ಹಾಕುವುದು ರೂಢಿ. ನಡುವಿನ ದೃಶ್ಯಗಳ ತಲೆಬರಹದಲ್ಲಿ ಇಸವಿ ಉಳಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಶೂಟಿಂಗ್ ತಂಡ ಚಿತ್ರಕಥೆಯನ್ನು ಮೊದಲಿಂದ ಕೊನೆಯವರೆಗೆ ಸಾಲಾಗಿ ಓದುವುದಿಲ್ಲ. ಅವರು ಆ ದಿನ ಚಿತ್ರೀಕರಿಸುವ ಪುಟ ಮಾತ್ರ ಕೈಯಲ್ಲಿ ಹಿಡಿದಿರುತ್ತಾರೆ. ಜಗಲಿಯ ದೃಶ್ಯಗಳನ್ನೆಲ್ಲ, ಕಾಲ ಯಾವುದೇ ಇರಲಿ, ಲೊಕೇಶನ್ ಸಿಕ್ಕ ಎರಡು ದಿನದಲ್ಲಿ ಮುಗಿಸುತ್ತಾರೆ. ಬಸ್‌ಸ್ಟ್ಯಾಂಡಿನ ದೃಶ್ಯದ ಮೇಲೆ ಇಸವಿ ಇಲ್ಲದಿದ್ದರೆ ಹಿಂದೆ ನಿಂತ ಬಸ್ಸು ಈಗಿನದ್ದಾಗುತ್ತದೆ, ಹಾದುಹೋಗುವವರ ಕೈಯಲ್ಲಿ ಮೊಬೈಲ್ ಇರುತ್ತದೆ. ತಪ್ಪು ಗೊತ್ತಾಗುವುದು ಎಡಿಟಿಂಗಿನಲ್ಲಿ, ಆಗ ಆ ದೃಶ್ಯವನ್ನು ಮತ್ತೆ ತೆಗೆಯಲು ಹಣವೂ ಇರುವುದಿಲ್ಲ, ಕಲಾವಿದರ ಕಾಲ್‌ಶೀಟೂ ಸಿಗುವುದಿಲ್ಲ.

ಹೀಗೆ ಹಲವು ದೃಶ್ಯಗಳಿಗೆ ಹರಡಿದ ಫ್ಲ್ಯಾಶ್‌ಬ್ಯಾಕಿಗೆ ಒಳ್ಳೆಯ ಮಾದರಿ 1942ರ ‘ಕಾಸಾಬ್ಲಾಂಕಾ’. ನಾಯಕ ರಿಕ್ ತನ್ನ ಹೋಟೆಲು ಮುಚ್ಚಿದ ಮೇಲೆ ಕತ್ತಲಲ್ಲಿ ಒಬ್ಬನೇ ಕೂತು ಕುಡಿಯುತ್ತಾನೆ. ಪಿಯಾನೋ ನುಡಿಸುವ ಸ್ಯಾಮ್‌ಗೆ ಹಳೆಯ ಹಾಡೊಂದನ್ನು ನುಡಿಸಲು ಒತ್ತಾಯಿಸುತ್ತಾನೆ. ಹಾಡಿನೊಂದಿಗೆ ಕಥೆ ಪ್ಯಾರಿಸಿಗೆ ಹೋಗುತ್ತದೆ. ಅಲ್ಲಿ ಇಲ್ಸಾಳ ಜೊತೆಗಿನ ಸುಖದ ದಿನಗಳು, ಜರ್ಮನರ ಸೇನೆ ಹತ್ತಿರವಾಗುವುದು, ಕೊನೆಗೆ ಮಳೆ ಸುರಿಯುವ ರೈಲು ನಿಲ್ದಾಣದಲ್ಲಿ ಅವಳು ಬಾರದೆ ಪತ್ರ ಮಾತ್ರ ಬರುವುದು, ಹೀಗೆ ಹಲವು ದೃಶ್ಯಗಳು ಸಾಲಾಗಿ ಬರುತ್ತವೆ. ಮುಗಿದ ಕೂಡಲೇ ಅದೇ ರಾತ್ರಿ, ಅದೇ ಮೇಜು. ಆಗ ಬಾಗಿಲಲ್ಲಿ ಇಲ್ಸಾ ಬಂದು ನಿಲ್ಲುತ್ತಾಳೆ. ಹೋದ ಜಾಗಕ್ಕೇ ವಾಪಸು ಬಂದದ್ದರಿಂದ ಕಾಲದ ಗೊಂದಲ ಇಲ್ಲ. ಇನ್ನೂ ಮುಖ್ಯವಾದದ್ದು, ರಿಕ್ ಅವಳೊಂದಿಗೆ ಯಾಕೆ ಅಷ್ಟು ಕಹಿಯಾಗಿ ಮಾತಾಡುತ್ತಾನೆ ಎಂಬುದು ಆ ಸಂಭಾಷಣೆ ಶುರುವಾಗುವ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿದೆ. ಫ್ಲ್ಯಾಶ್‌ಬ್ಯಾಕ್ ವಾಪಸು ಬರುವಾಗ ಮುಂದಿನ ದೃಶ್ಯಕ್ಕೆ ಬೇಕಾದ ಏನನ್ನಾದರೂ ಹೊತ್ತು ತಂದಿರಬೇಕು. ಬರಿಗೈಯಲ್ಲಿ ಬರುವ ಫ್ಲ್ಯಾಶ್‌ಬ್ಯಾಕನ್ನು ಎಷ್ಟೇ ಅಚ್ಚುಕಟ್ಟಾಗಿ ಗುರುತು ಹಾಕಿದರೂ ಓದುವವರು ಪುಟ ಹಾರಿಸುತ್ತಾರೆ.

ಒಂದೆರಡು ಕ್ಷಣ ಮಿಂಚಿ ಮರೆಯಾಗುವ ನೆನಪಿಗೆ ಇಷ್ಟೆಲ್ಲ ಬೇಕಿಲ್ಲ. ‘ಕ್ಷಣದ ನೆನಪು: ಅಪ್ಪಯ್ಯನ ಕೈ ಅಡಕೆ ರಾಶಿಯ ಮೇಲೆ. ಮತ್ತೆ ದೃಶ್ಯಕ್ಕೆ:’ ಎಂದು ನಡೆಯುತ್ತಿರುವ ದೃಶ್ಯದ ಒಳಗೇ ಬರೆದರೆ ಸಾಕು. ಇಲ್ಲಿಯೂ ವಾಪಸು ಬರುವ ಮಾತು ಇದೆ ಎಂಬುದನ್ನು ಗಮನಿಸಬೇಕು.

ನೆನಪಿನೊಳಗೆ ನೆನಪು ಬಂದಾಗ ಕೆಲಸ ಬಿಗಿಯಾಗುತ್ತದೆ. ಅಕಿರಾ ಕುರೋಸಾವಾ ಮತ್ತು ಶಿನೋಬು ಹಾಶಿಮೊಟೊ ಸೇರಿ ಚಿತ್ರಕಥೆ ಬರೆದ 1950ರ ‘ರಾಶೋಮನ್’ ಇದಕ್ಕೆ ಇವತ್ತಿಗೂ ಪಾಠದಂತಿದೆ. ಚಿತ್ರದಲ್ಲಿ ಮೂರು ಪದರಗಳಿವೆ. ಹಾಳುಬಿದ್ದ ಹೆಬ್ಬಾಗಿಲಿನ ಕೆಳಗೆ ಮಳೆಗೆ ನಿಂತವರ ಮಾತುಕತೆ ವರ್ತಮಾನ. ಅವರು ನೆನಪಿಸಿಕೊಳ್ಳುವ ವಿಚಾರಣೆಯ ಅಂಗಳ ಎರಡನೆಯ ಪದರ. ಅಂಗಳದಲ್ಲಿ ಒಬ್ಬೊಬ್ಬರೂ ಹೇಳುವ ಕಾಡಿನ ಘಟನೆ ಮೂರನೆಯದು. ಹೆಬ್ಬಾಗಿಲಿನಲ್ಲಿ ಎಡೆಬಿಡದ ಮಳೆ, ಅಂಗಳದಲ್ಲಿ ಬಿಸಿಲು ಮತ್ತು ಹಿಂದೆ ಗೋಡೆ, ಕಾಡಿನಲ್ಲಿ ಎಲೆಗಳ ನಡುವಿಂದ ತೂರಿಬರುವ ಬೆಳಕು. ಒಂದು ಪದರದ ಹವೆ ಇನ್ನೊಂದರಲ್ಲಿಲ್ಲ. ಹಾಗಾಗಿ ಯಾವ ಕಡೆಯಿಂದ ಯಾವ ಕಡೆಗೆ ಕತ್ತರಿಸಿದರೂ ನೋಡುವವರು ತಪ್ಪಿಸಿಕೊಳ್ಳುವುದಿಲ್ಲ.

ಕಾಗದದ ಮೇಲೆ ಇದನ್ನು ಕೊಡಲು ತಲೆಬರಹದಲ್ಲಿ ಹೇಳುವವರ ಹೆಸರು ಸೇರಿಸುವುದೇ ಸರಳ ಉಪಾಯ. ‘ಹೊರಾಂಗಣ. ಕಾಡು – ಹಗಲು – ದರೋಡೆಕೋರ ಹೇಳಿದಂತೆ’, ‘ಹೊರಾಂಗಣ. ಕಾಡು – ಹಗಲು – ಹೆಂಡತಿ ಹೇಳಿದಂತೆ’ ಎಂದು ಬರೆದರೆ ಅದೇ ಕಾಡು, ಅದೇ ಮೂವರು ಮತ್ತೆ ಬಂದರೂ ಇದು ಯಾರ ಪಾಠ ಎಂಬುದು ಸ್ಪಷ್ಟ. ‘ರಾಶೋಮನ್’ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲ ಮೂರು ಹೇಳಿಕೆಗಳು ಅಂಗಳದ ಮೂಲಕ ಕಾಡಿಗೆ ಹೋಗುತ್ತವೆ. ಕೊನೆಯದಾಗಿ ಸೌದೆಗಾರ ಹೇಳುವುದು ಮಾತ್ರ ವಿಚಾರಣೆಯಲ್ಲಿ ಹೇಳದೆ ಉಳಿಸಿಕೊಂಡದ್ದು. ಅದು ಹೆಬ್ಬಾಗಿಲಿನಿಂದ ನೇರವಾಗಿ ಕಾಡಿಗೆ ಹೋಗುತ್ತದೆ. ಪದರ ಒಂದು ಕಡಿಮೆಯಾದದ್ದೇ ಅವನು ಅಂಗಳದಲ್ಲಿ ಏನನ್ನೋ ಮುಚ್ಚಿಟ್ಟಿದ್ದ ಎಂಬುದರ ಗುರುತು. ತಲೆಬರಹಗಳನ್ನು ಕ್ರಮವಾಗಿ ಬರೆದಿದ್ದರೆ ಓದುವವರಿಗೂ ಅದು ಕಾಣುತ್ತದೆ, ಅಡ್ಡಾದಿಡ್ಡಿ ಬರೆದಿದ್ದರೆ ಕೈತಪ್ಪುತ್ತದೆ. ಕನ್ನಡದಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಒಂದು ಘಟನೆಯನ್ನು ಬೇರೆಬೇರೆಯವರ ಕಣ್ಣಿಂದ ತೋರಿಸಲು ಅಧ್ಯಾಯಗಳ ದಾರಿ ಹಿಡಿಯಿತು. ಪ್ರತಿ ಅಧ್ಯಾಯಕ್ಕೂ ಹೆಸರು ಕೊಟ್ಟಾಗ ಆ ಹೆಸರೇ ದಾರಿಕಲ್ಲಾಗಿ ನಿಲ್ಲುತ್ತದೆ. ಎರಡಕ್ಕಿಂತ ಹೆಚ್ಚು ಕಾಲ ಅಥವಾ ನಿರೂಪಕರಿದ್ದಾಗ ಈ ವಿಧಾನ ತಲೆಬರಹದ ಗುರುತಿಗಿಂತಲೂ ಗಟ್ಟಿ.

ಕನಸಿನ ದೃಶ್ಯದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಫ್ಲ್ಯಾಶ್‌ಬ್ಯಾಕನ್ನು ಫ್ಲ್ಯಾಶ್‌ಬ್ಯಾಕ್ ಎಂದು ಮೊದಲೇ ಹೇಳಿದರೆ ಕಥೆಗೆ ನಷ್ಟವಾಗುವುದು ಅಪರೂಪ. ಕನಸು ಕೆಲವೊಮ್ಮೆ ಕನಸೆಂದು ಗೊತ್ತಾಗದೇ ಇರುವುದರಲ್ಲೇ ಅದರ ಬಲ ಇರುತ್ತದೆ. ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು, ಪ್ರೇಕ್ಷಕರಿಗೆ ಇದು ಕನಸೆಂದು ಯಾವಾಗ ತಿಳಿಯಬೇಕು ಎಂಬುದು. ಓದುಗರಿಗೂ ಆಗಲೇ ತಿಳಿಯಬೇಕು, ಅದಕ್ಕಿಂತ ಮೊದಲೂ ಬೇಡ, ನಂತರವೂ ಬೇಡ.

ಆರಂಭದಲ್ಲೇ ತಿಳಿಯಬೇಕಾದ ಕನಸಿಗೆ ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ನೋಡಬಹುದು. ಬಂಗಾಳದ ಚಿತ್ರತಾರೆ ಅರಿಂದಂ ಮುಖರ್ಜಿ ಪ್ರಶಸ್ತಿ ಸ್ವೀಕರಿಸಲು ರೈಲಿನಲ್ಲಿ ದೆಹಲಿಗೆ ಹೊರಟಿದ್ದಾನೆ. ದಾರಿಯಲ್ಲಿ ಅವನಿಗೆ ಒಂದು ಕನಸು ಬೀಳುತ್ತದೆ. ನೋಟಿನ ಗುಡ್ಡಗಳ ನಡುವೆ ಅವನು ಖುಷಿಯಿಂದ ನಡೆಯುತ್ತಾನೆ. ಟೆಲಿಫೋನುಗಳು ಗಂಟೆ ಬಾರಿಸತೊಡಗುತ್ತವೆ, ಅವನ್ನು ಹಿಡಿದಿರುವುದು ಎಲುಬಿನ ಕೈಗಳು. ಕಾಲು ನೋಟುಗಳಲ್ಲಿ ಕುಸಿಯುತ್ತದೆ. ನಾಟಕದ ದಿನಗಳ ಗುರು ಶಂಕರದಾ ಬಣ್ಣ ಬಳಿದ ಮುಖದಲ್ಲಿ ಎದುರಾಗುತ್ತಾನೆ. ಅರಿಂದಂ ಕೈಚಾಚಿ ಬೇಡಿದರೂ ಅವನನ್ನು ಮೇಲಕ್ಕೆತ್ತುವುದಿಲ್ಲ. ಇಂಥ ದೃಶ್ಯವನ್ನು ಬರೆಯುವಾಗ ‘ವಿಚಿತ್ರವಾದ ಕನಸಿನಂಥ ವಾತಾವರಣ’ ಎಂದು ಬರೆದು ಕೈತೊಳೆದುಕೊಳ್ಳುವುದು ದೊಡ್ಡ ದೋಷ. ಆ ವಾಕ್ಯದಿಂದ ಕಲಾ ನಿರ್ದೇಶಕರಿಗೆ ಏನೂ ಸಿಗುವುದಿಲ್ಲ. ನೋಟು, ಎಲುಬಿನ ಕೈ, ಟೆಲಿಫೋನು ಎಂದು ಬರೆದರೆ ಸಿಗುತ್ತದೆ. ಎಲ್ಲವನ್ನೂ ವಿಚಿತ್ರ ಮಾಡುವುದಕ್ಕಿಂತ ಒಂದೆರಡು ವಸ್ತುಗಳನ್ನು ಮಾತ್ರ ಲೋಕದ ನಿಯಮ ಮೀರಿಸಿ, ಉಳಿದದ್ದನ್ನು ಸಹಜವಾಗಿಟ್ಟರೆ ಕನಸು ಹೆಚ್ಚು ನಾಟುತ್ತದೆ. ‘ನಾಯಕ್’ನ ಕನಸಿನಲ್ಲಿ ಕಾಣುವುದೆಲ್ಲವೂ ಅರಿಂದಂನ ಎಚ್ಚರದ ಬದುಕಿನಿಂದಲೇ ಬಂದದ್ದು. ರೈಲಿನಲ್ಲಿ ಪತ್ರಕರ್ತೆ ಅದಿತಿಯ ಎದುರು ಅವನು ತನ್ನ ಹಿಂದಿನ ದಿನಗಳನ್ನು ಬಿಚ್ಚಿಡುವಾಗ ಶಂಕರದಾ ಯಾರೆಂಬುದು ತಿಳಿದುಬರುತ್ತದೆ. ಕನಸೂ ಫ್ಲ್ಯಾಶ್‌ಬ್ಯಾಕೂ ಒಂದಕ್ಕೊಂದು ಅರ್ಥ ಕೊಡುವ ಹಾಗೆ ಹೆಣೆದದ್ದು ಹೀಗೆ.

ಕನಸೂ ನೆನಪೂ ಒಂದೇ ದೃಶ್ಯದಲ್ಲಿ ಬೆರೆತಾಗ ತಲೆಬರಹ ಸೋಲುತ್ತದೆ, ಅಲ್ಲಿ ವಿವರಣೆಯೇ ಕೈಹಿಡಿಯಬೇಕು. ಇಂಗ್ಮಾರ್ ಬರ್ಗ್‌ಮನ್ ಅವರ ‘ವೈಲ್ಡ್ ಸ್ಟ್ರಾಬೆರೀಸ್’ (1957) ಚಿತ್ರದಲ್ಲಿ ಮುದುಕ ಪ್ರೊಫೆಸರ್ ಇಸಾಕ್ ಬೋರ್ಗ್ ತನ್ನ ಬಾಲ್ಯದ ಬೇಸಿಗೆ ಮನೆಯ ಹತ್ತಿರ ಕೂತಾಗ ಹಳೆಯ ಕಾಲ ಎದುರಿಗೆ ಬಂದು ನಿಲ್ಲುತ್ತದೆ. ಸಾರಾ ಮತ್ತು ಮನೆಯ ಮಕ್ಕಳೆಲ್ಲ ಅಂದಿನ ಪ್ರಾಯದಲ್ಲೇ ಇದ್ದಾರೆ. ಇಸಾಕ್ ಮಾತ್ರ ಈಗಿನ ಮುದುಕನಾಗಿಯೇ ಅವರ ನಡುವೆ ನಿಂತು ನೋಡುತ್ತಾನೆ. ಇಂಥಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಎಂದಷ್ಟೇ ಬರೆದರೆ ಓದುವವರು ಹುಡುಗ ಇಸಾಕ್‌ನನ್ನು ಹುಡುಕುತ್ತಾರೆ. ‘ಇಸಾಕ್ ಈಗಿನ ವಯಸ್ಸಿನಲ್ಲೇ ಇದ್ದಾನೆ, ಉಳಿದವರು ಅಂದಿನ ವಯಸ್ಸಿನವರು, ಅವರಿಗೆ ಅವನು ಕಾಣುವುದಿಲ್ಲ’ ಎಂದು ದೃಶ್ಯದ ನಿಯಮವನ್ನು ಮೊದಲ ಸಾಲುಗಳಲ್ಲೇ ಹೇಳಬೇಕು. ಒಮ್ಮೆ ಹೇಳಿದ ನಿಯಮವನ್ನು ದೃಶ್ಯ ಮುಗಿಯುವವರೆಗೆ ಮುರಿಯಬಾರದು. ಮುರಿದರೆ ಅದು ಬೇಕೆಂದೇ ಮುರಿದದ್ದು ಎಂದು ಕಾಣಬೇಕು.

ಎಚ್ಚರವಾದ ಮೇಲೆಯೇ ತಿಳಿಯಬೇಕಾದ ಕನಸನ್ನು ಬರೆಯುವಾಗ ತಲೆಬರಹದಲ್ಲಿ ಕನಸಿನ ಮಾತೇ ಇರಬಾರದು. ಸಾವಿತ್ರಿ ರಾತ್ರಿ ಜಗಲಿಗೆ ಬರುತ್ತಾಳೆ, ಅಪ್ಪಯ್ಯ ಅಡಕೆ ಸುಲಿಯುತ್ತ ಕೂತಿದ್ದಾರೆ, ಬಾ ಎನ್ನುತ್ತಾರೆ, ಅವಳು ಹತ್ತಿರ ಹೋದಾಗ ಅವರ ಕೈಯಲ್ಲಿ ಅಡಕೆಯ ಬದಲು ಕಾಲೇಜಿನ ಅರ್ಜಿಯ ಚೂರುಗಳಿವೆ. ಇದನ್ನು ‘ಒಳಾಂಗಣ. ಮನೆಯ ಜಗಲಿ – ರಾತ್ರಿ’ ಎಂದೇ ಶುರುಮಾಡಬೇಕು. ಮುಂದಿನ ದೃಶ್ಯ ‘ಒಳಾಂಗಣ. ಸಾವಿತ್ರಿಯ ಕೋಣೆ – ಅದೇ ರಾತ್ರಿ’ ಎಂದು ಬಂದು, ‘ಸಾವಿತ್ರಿ ಹಾಸಿಗೆಯಲ್ಲಿ ಬೆಚ್ಚಿ ಕಣ್ಣು ಬಿಡುತ್ತಾಳೆ. ಕನಸು. ಕಿಟಕಿಯಾಚೆಯ ಜಗಲಿ ಖಾಲಿ’ ಎಂದು ಒಂದೇ ಮಾತಿನಲ್ಲಿ ಖಚಿತಪಡಿಸಬೇಕು. ಬೆಚ್ಚಿ ಎದ್ದಳು ಎಂದಷ್ಟೇ ಬರೆದು ಬಿಟ್ಟರೆ ಕೆಲವರು ಅವಳು ಜಗಲಿಯಿಂದ ಬಂದು ಮಲಗಿದ್ದಳು ಎಂದುಕೊಳ್ಳುತ್ತಾರೆ. ‘ಕನಸು’ ಎಂಬ ಮಾತು ಒಂದು ಕಡೆಯಾದರೂ ಇರಲೇಬೇಕು.

ಈ ಗುಟ್ಟು ನಿರ್ಮಾಪಕರು ಮತ್ತು ಕಲಾವಿದರು ಓದುವ ಪ್ರತಿಯಲ್ಲಿ ಮಾತ್ರ ಇರತಕ್ಕದ್ದು. ಶೂಟಿಂಗ್ ಪ್ರತಿ ಸಿದ್ಧವಾಗುವಾಗ, ಪ್ರತಿ ದೃಶ್ಯಕ್ಕೂ ನಂಬರ್ ಬಿದ್ದ ಮೇಲೆ, ಆ ತಲೆಬರಹಕ್ಕೂ ‘ಕನಸು’ ಎಂದು ಸೇರಿಸಬೇಕಾಗುತ್ತದೆ. ಸತ್ತುಹೋದ ಅಪ್ಪಯ್ಯ ಯಾಕೆ ಬಂದರು ಎಂದು ಮೇಕಪ್ ವಿಭಾಗ ತಲೆಕೆಡಿಸಿಕೊಳ್ಳಬಾರದು.

ಇಡೀ ಚಿತ್ರವೇ ಕನಸಿನ ಮೇಲೆ ನಿಂತಿದ್ದರೆ ಏನು ಮಾಡಬೇಕು ಎಂಬುದಕ್ಕೆ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಕನ್ನಡದ್ದೇ ಉತ್ತರ. ಸಿನಿಮಾ ಥಿಯೇಟರಿನಲ್ಲಿ ಟಾರ್ಚ್ ಬಿಡುವ ನಿಕ್ಕಿಗೆ ನಿದ್ದೆ ಬಾರದ ಕಾಯಿಲೆ. ಲೂಸಿಯಾ ಎಂಬ ಮಾತ್ರೆ ನುಂಗಿದರೆ ಅವನು ಕನಸಿನಲ್ಲಿ ದೊಡ್ಡ ಚಿತ್ರನಟನಾಗುತ್ತಾನೆ. ಥಿಯೇಟರಿನ ಬದುಕು ಬಣ್ಣದಲ್ಲಿ, ನಟನ ಬದುಕು ಕಪ್ಪುಬಿಳುಪಿನಲ್ಲಿ ಸಾಗುತ್ತವೆ. ಪ್ರೇಕ್ಷಕರು ಬಣ್ಣದ್ದೇ ನಿಜ ಎಂದು ನಂಬುತ್ತಾರೆ. ಕೊನೆಯಲ್ಲಿ ನಟನ ಬದುಕೇ ನಿಜ, ಟಾರ್ಚಿನ ಹುಡುಗನದೇ ಕನಸು ಎಂದು ತಿಳಿಯುತ್ತದೆ. ಇಂಥ ಕಥೆಯನ್ನು ಬರೆಯುವಾಗ ತಲೆಬರಹದಲ್ಲಿ ‘ಕನಸು’ ಎಂದೋ ‘ನಿಜ’ ಎಂದೋ ಹಾಕಿದರೆ ಓದುವವರಿಗೆ ಸುಳ್ಳು ಹೇಳಿದಂತಾಗುತ್ತದೆ, ಇಲ್ಲವೇ ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ. ‘ಬಣ್ಣ’, ‘ಕಪ್ಪುಬಿಳುಪು’ ಎಂದು ಹಾಕಿದರೆ ಎರಡೂ ಆಗುವುದಿಲ್ಲ. ಆ ಗುರುತು ತೆರೆಯ ಮೇಲೆ ಕಾಣುವುದನ್ನಷ್ಟೇ ಹೇಳುತ್ತದೆ, ಅರ್ಥವನ್ನು ಓದುವವರಿಗೆ ಬಿಡುತ್ತದೆ. ಎರಡು ಲೋಕಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ, ಯಾವುದು ಯಾವುದೆಂದು ಮಾತ್ರ ಮುಚ್ಚಿಡುವುದು ನ್ಯಾಯವಾದ ಆಟ. ಓದುವವರು ಎಲ್ಲಿದ್ದಾರೆ ಎಂಬುದೇ ತಿಳಿಯದಂತೆ ಮಾಡುವುದು ಮೋಸ.

ಕನ್ನಡ ಚಿತ್ರಗಳಲ್ಲಿ ಕನಸು ಬಹಳ ಸಲ ಬರುವುದು ಹಾಡಿನ ರೂಪದಲ್ಲಿ. ನಾಯಕ ನಾಯಕಿಯನ್ನು ನೋಡಿ ನಿಂತಲ್ಲೇ ಹಾಡು ಶುರುವಾಗುತ್ತದೆ, ಜಾಗ ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ. ಚಿತ್ರಕಥೆಯಲ್ಲಿ ಇದಕ್ಕೆ ‘ಹಾಡು’ ಎಂದು ಒಂದೇ ಮಾತು ಬರೆದು ಮುಂದೆ ಹೋಗುವುದೂ ಉಂಟು. ಯಾರ ಕಲ್ಪನೆ ಅದು ಎಂಬುದು ಆಗ ಕಾಣೆಯಾಗುತ್ತದೆ. ನಾಯಕನೊಬ್ಬನದೇ ಕಲ್ಪನೆಯಾದರೆ ಹಾಡು ಮುಗಿದ ಮೇಲೆ ನಾಯಕಿಗೆ ಅದರ ಅರಿವಿರುವುದಿಲ್ಲ. ಅವರಿಬ್ಬರೂ ನಿಜವಾಗಿ ಕಳೆದ ದಿನಗಳ ಸರಣಿಯಾದರೆ ಹಾಡು ಮುಗಿಯುವಷ್ಟರಲ್ಲಿ ಅವರ ಸಂಬಂಧ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಮುಂದಿನ ದೃಶ್ಯದಲ್ಲಿ ಅವಳು ಅವನನ್ನು ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ ಎಂಬುದೂ ಇದರ ಮೇಲೆಯೇ ನಿಲ್ಲುತ್ತದೆ. ‘ಹಾಡು, ನಾಯಕನ ಕಲ್ಪನೆ’ ಎಂದು ಎರಡು ಮಾತು ಹೆಚ್ಚು ಬರೆದು, ಕೊನೆಯಲ್ಲಿ ‘ಮತ್ತೆ ಬಸ್‌ಸ್ಟಾಪ್, ಅವಳ ಬಸ್ಸು ಆಗಲೇ ಹೊರಟಿದೆ’ ಎಂದು ಸೇರಿಸಿದರೆ ಎಲ್ಲವೂ ನೇರ.

ಬರೆದು ಮುಗಿಸಿದ ಮೇಲೆ ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ. ಸಂಭಾಷಣೆ, ವಿವರಣೆ ಎಲ್ಲ ಬಿಟ್ಟು ತಲೆಬರಹಗಳನ್ನಷ್ಟೇ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು, ಕಥೆ ಗೊತ್ತಿಲ್ಲದ ಯಾರಿಗಾದರೂ ಓದಲು ಕೊಡಬೇಕು. ಎಲ್ಲಿ ಹಿಂದಕ್ಕೆ ಹೋಯಿತು, ಎಲ್ಲಿ ವಾಪಸು ಬಂತು ಎಂದು ಅವರು ಬೆರಳಿಟ್ಟು ತೋರಿಸಬೇಕು. ಮರೆಮಾಚಿದ ಕನಸೊಂದನ್ನು ಬಿಟ್ಟು ಬೇರೆಲ್ಲಾದರೂ ಅವರ ಬೆರಳು ತಡೆದು ನಿಂತರೆ ತಿದ್ದಬೇಕಾದ ಸಾಲು ಅದೇ. ತಿದ್ದುವಾಗ ಮೊದಲು ವಾಪಸು ಬರುವ ತಲೆಬರಹವನ್ನು ನೋಡಬೇಕು.